ಮಧ್ಯಕಾಲೀನ ಇಸ್ಲಾಂ ಇತಿಹಾಸ: ಬೋರ್ಡ್ ಪರೀಕ್ಷೆಗೆ ನಾಲ್ಕು ವಾರದ ರಿವಿಷನ್

ಕೇರಳದ ಹೈಯರ್ ಸೆಕೆಂಡರಿಯಲ್ಲಿ ಇಸ್ಲಾಮಿಕ್ ಹಿಸ್ಟರಿಯನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡ ಕಾಸರಗೋಡು ಕಡೆಯ ವಿದ್ಯಾರ್ಥಿಗಳು, ಹೊರದೇಶದ ಬೋರ್ಡುಗಳಲ್ಲಿ ಓದುತ್ತಿರುವ ಕನ್ನಡಿಗರ ಮಕ್ಕಳು, ಅವರ ಅಪ್ಪ ಅಮ್ಮಂದಿರು ಪರೀಕ್ಷೆಗೆ ಒಂದು ತಿಂಗಳಿದೆ ಎನ್ನುವಾಗ ಕೇಳುವುದು ಒಂದೇ ಪ್ರಶ್ನೆ: ಇಷ್ಟೊಂದು ಖಲೀಫರ ಹೆಸರು, ಇಸವಿ, ಯುದ್ಧಗಳನ್ನು ನೆನಪಿಟ್ಟುಕೊಳ್ಳುವುದು ಹೇಗೆ?

ಎಲ್ಲವನ್ನೂ ನೆನಪಿಡುವ ಅಗತ್ಯವಿಲ್ಲ. 632ರಲ್ಲಿ ಪ್ರವಾದಿ ಮುಹಮ್ಮದರು ತೀರಿಕೊಂಡಾಗಿನಿಂದ 1258ರಲ್ಲಿ ಮಂಗೋಲರು ಬಾಗ್ದಾದನ್ನು ಹಿಡಿಯುವವರೆಗಿನ ರಾಜಕೀಯ ಇತಿಹಾಸದ ಹೆಚ್ಚಿನ ಪಾಠಗಳು ಎರಡು ಪ್ರಶ್ನೆಗಳ ಸುತ್ತ ಸುತ್ತುತ್ತವೆ. ಆಳುವ ಹಕ್ಕು ಯಾರದು? ಸೈನ್ಯಕ್ಕೆ ಸಂಬಳ ಎಲ್ಲಿಂದ ಬರುತ್ತದೆ? ಈ ಎರಡನ್ನು ಹಕ್ಕು, ಹಣ ಎಂದು ಚುಟುಕಾಗಿ ಬರೆದಿಟ್ಟುಕೊಳ್ಳಿ. ಓದುವ ಪ್ರತಿಯೊಂದು ಘಟನೆಯನ್ನೂ ಈ ಎರಡರಲ್ಲಿ ಒಂದಕ್ಕೆ ಅಥವಾ ಎರಡಕ್ಕೂ ಸೇರಿಸುತ್ತಾ ಹೋದರೆ ಹೆಸರುಗಳು ತಾವಾಗಿಯೇ ಜಾಗ ಹಿಡಿಯುತ್ತವೆ. ಕೆಳಗಿನ ಯೋಜನೆ ಪೂರ್ತಿ ನಿಂತಿರುವುದು ಇದರ ಮೇಲೆಯೇ.

ಶುರು ಮಾಡುವ ಮೊದಲು

ದಿನಕ್ಕೆ 75 ನಿಮಿಷ, ವಾರಕ್ಕೆ 6 ದಿನ ಬೇಕು. ನಾಲ್ಕು ವಾರಕ್ಕೆ ಒಟ್ಟು 30 ಗಂಟೆ. ಪ್ರತಿದಿನ ಮೊದಲ 50 ನಿಮಿಷ ಓದು, ಕೊನೆಯ 25 ನಿಮಿಷ ಪುಸ್ತಕ ಮುಚ್ಚಿ ಬರವಣಿಗೆ. ಸಮಯ ಸಾಲದ ದಿನ ಓದನ್ನು ಕಡಿಮೆ ಮಾಡಿ, ಬರವಣಿಗೆಯನ್ನು ಬಿಡಬೇಡಿ. ಈ ವಿಷಯದಲ್ಲಿ ಓದುವಾಗ ಎಲ್ಲವೂ ಅರ್ಥವಾದಂತೆಯೇ ಇರುತ್ತದೆ. ಮುಆವಿಯಾ ಮೊದಲೋ ಅಬ್ದುಲ್ ಮಲಿಕ್ ಮೊದಲೋ ಎಂಬ ಗೊಂದಲ ಹೊರಬೀಳುವುದು ಪೆನ್ನು ಹಿಡಿದಾಗ.

ಸಾಮಾನು ಹೆಚ್ಚೇನೂ ಇಲ್ಲ. ಒಂದು ಉದ್ದ ನೋಟ್‌ಬುಕ್, 40 ಚಿಕ್ಕ ಕಾರ್ಡುಗಳು (ದಪ್ಪ ಹಾಳೆಯನ್ನು ನಾಲ್ಕಾಗಿ ಕತ್ತರಿಸಿದರೆ ಸಾಕು), ಪಶ್ಚಿಮ ಏಷ್ಯಾದ ಖಾಲಿ ರೂಪರೇಖೆ ನಕ್ಷೆಯ 8 ಜೆರಾಕ್ಸ್ ಪ್ರತಿ, ನಿಮ್ಮ ಬೋರ್ಡಿನ ಈ ವರ್ಷದ ಪಠ್ಯಕ್ರಮ, ಕಳೆದ ಮೂರು ವರ್ಷದ ಪ್ರಶ್ನೆಪತ್ರಿಕೆ.

ಪಠ್ಯಕ್ರಮ ಈ ವರ್ಷದ್ದೇ ಆಗಿರಬೇಕು. ಎನ್‌ಸಿಇಆರ್‌ಟಿಯ 11ನೇ ತರಗತಿಯ ವಿಶ್ವ ಇತಿಹಾಸದಲ್ಲಿ ಮಧ್ಯ ಇಸ್ಲಾಮಿಕ್ ಪ್ರದೇಶಗಳ ಬಗ್ಗೆ ಇದ್ದ ಅಧ್ಯಾಯವನ್ನು 2022ರಲ್ಲಿ ಕೈಬಿಡಲಾಯಿತು. ಆದರೆ ಹಳೆಯ ಗೈಡುಗಳಲ್ಲಿ ಅದು ಇನ್ನೂ ಇದೆ. ಅಣ್ಣನದೋ ಅಕ್ಕನದೋ ಗೈಡ್ ಇಟ್ಟುಕೊಂಡು ಓದುವವರು ಮೊದಲ ದಿನವೇ ಪಠ್ಯಕ್ರಮದ ಪಟ್ಟಿಯೊಂದಿಗೆ ಅಧ್ಯಾಯಗಳನ್ನು ತಾಳೆ ನೋಡಿ, ಬೇಡದ್ದಕ್ಕೆ ಅಡ್ಡಗೆರೆ ಎಳೆದುಬಿಡಿ.

ಕನ್ನಡದಲ್ಲಿ ಓದುವವರಿಗೆ ಇನ್ನೊಂದು ಕಿರಿಕಿರಿ ಇದೆ. ಒಂದೇ ಹೆಸರು ಒಂದು ಪುಸ್ತಕದಲ್ಲಿ ಹಾರೂನ್ ಅಲ್ ರಶೀದ್, ಇನ್ನೊಂದರಲ್ಲಿ ಹರೂನ್-ಉಲ್-ರಷೀದ್. ನಿಮ್ಮ ಪಠ್ಯಪುಸ್ತಕದಲ್ಲಿ ಇರುವುದನ್ನೇ ಕೊನೆಯವರೆಗೂ ಬರೆಯಿರಿ. ಒಂದೇ ಉತ್ತರದಲ್ಲಿ ಎರಡು ರೂಪ ಬಂದರೆ ಇಬ್ಬರು ಬೇರೆ ಬೇರೆ ಜನ ಎಂದು ನೀವು ತಿಳಿದಿದ್ದೀರಿ ಎಂಬ ಅನುಮಾನ ಮೌಲ್ಯಮಾಪಕರಿಗೆ ಬರುತ್ತದೆ.

ಹಂತ 1. ಮೊದಲ ವಾರ: ವಂಶವೃಕ್ಷ ಮತ್ತು 622–661

ಮೊದಲ ದಿನ ಪಾಠ ತೆರೆಯಬೇಡಿ, ಅರ್ಧ ಪುಟದ ವಂಶವೃಕ್ಷ ಬರೆಯಿರಿ. ಇದೊಂದು ಕೈಗೆ ಬಂದರೆ ಮುಂದಿನ 600 ವರ್ಷದ ಜಗಳಗಳು ಅರ್ಧ ಅರ್ಥವಾದಂತೆ.

ಮೇಲೆ ಮಕ್ಕಾದ ಕುರೈಷ್ ಬುಡಕಟ್ಟು ಎಂದು ಬರೆದು, ಕೆಳಗೆ ಅಬ್ದು ಮನಾಫ್ ಎಂಬ ಹೆಸರು ಹಾಕಿ. ಅವನ ಮಕ್ಕಳಲ್ಲಿ ನಮಗೆ ಬೇಕಾದವರು ಇಬ್ಬರು. ಎಡಗಡೆ ಅಬ್ದು ಶಮ್ಸ್, ಬಲಗಡೆ ಹಾಶಿಮ್. ಅಬ್ದು ಶಮ್ಸನ ಕೆಳಗೆ ಉಮಯ್ಯಾ. ಈ ಎಡಗಡೆಯ ಕೊಂಬೆಯಲ್ಲಿಯೇ ಮೂರನೆಯ ಖಲೀಫ ಉಸ್ಮಾನ್ ಮತ್ತು ಮುಆವಿಯಾ ಬರುತ್ತಾರೆ, ಉಮಯ್ಯದ್ ಮನೆತನವೆಂದರೆ ಇದೇ. ಬಲಗಡೆ ಹಾಶಿಮನ ಮಗ ಅಬ್ದುಲ್ ಮುತ್ತಲಿಬ್. ಅವರ ಮಕ್ಕಳಲ್ಲಿ ಮೂವರನ್ನು ಬರೆಯಿರಿ: ಅಬ್ದುಲ್ಲಾ, ಅಬೂ ತಾಲಿಬ್, ಅಬ್ಬಾಸ್. ಅಬ್ದುಲ್ಲಾ ಅವರ ಮಗ ಪ್ರವಾದಿ ಮುಹಮ್ಮದರು. ಅಬೂ ತಾಲಿಬರ ಮಗ ಅಲಿ, ಪ್ರವಾದಿಯವರ ಮಗಳು ಫಾತಿಮಾರ ಗಂಡ. ಅಬ್ಬಾಸ್ ಪ್ರವಾದಿಯವರ ಚಿಕ್ಕಪ್ಪ, ಅವರ ಸಂತತಿಯೇ ಅಬ್ಬಾಸಿದರು.

ಮೊದಲ ಇಬ್ಬರು ಖಲೀಫರಾದ ಅಬೂಬಕರ್ ಮತ್ತು ಉಮರ್ ಈ ಚಿತ್ರದ ಹೊರಗಿದ್ದಾರೆ ಎಂಬುದನ್ನು ಗಮನಿಸಿ. ಅವರೂ ಕುರೈಷರೇ, ಆದರೆ ಬೇರೆ ಕುಲದವರು. ಚಿತ್ರದ ಪಕ್ಕದಲ್ಲಿ ಅವರ ಹೆಸರನ್ನು ಪ್ರತ್ಯೇಕವಾಗಿ ಬರೆದಿಡಿ. ಅಬ್ಬಾಸಿದರು ತಮ್ಮನ್ನು ಪ್ರವಾದಿಯವರ ಕುಟುಂಬದವರು ಎಂದು ಕರೆದುಕೊಂಡದ್ದೇಕೆ, ಅಲಿಯ ಸಂತತಿಯವರಿಗೆ ಅದು ಮೋಸವೆಂದು ಅನಿಸಿದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಈ ಚಿತ್ರದಲ್ಲೇ ಇದೆ. ವಾರ ಪೂರ್ತಿ ಪ್ರತಿದಿನ ಮೊದಲ ಐದು ನಿಮಿಷ ಇದನ್ನು ನೋಡದೆ ಬರೆಯಿರಿ.

ಎರಡನೆಯ ದಿನ ಪ್ರವಾದಿಯವರ ಕಾಲ. 622ರಲ್ಲಿ ಮಕ್ಕಾದಿಂದ ಮದೀನಾಕ್ಕೆ ವಲಸೆ (ಹಿಜ್ರಾ), 624ರಲ್ಲಿ ಬದ್ರ್ ಯುದ್ಧ, 625ರಲ್ಲಿ ಉಹುದ್, 627ರಲ್ಲಿ ಕಂದಕದ ಕದನ, 628ರಲ್ಲಿ ಹುದೈಬಿಯಾ ಒಪ್ಪಂದ, 630ರಲ್ಲಿ ಮಕ್ಕಾ ಪ್ರವೇಶ. ಇಷ್ಟು ಸಾಕು. ಮೂರು ಮತ್ತು ನಾಲ್ಕನೆಯ ದಿನ ನಾಲ್ವರು ಖಲೀಫರು: ಅಬೂಬಕರ್ (632–634), ಉಮರ್ (634–644), ಉಸ್ಮಾನ್ (644–656), ಅಲಿ (656–661).

ಇಲ್ಲಿ ಸಮಯ ಕೊಡಬೇಕಾದದ್ದು ಉಮರ್ ಅವರ ಆಡಳಿತಕ್ಕೆ. ಹಣದ ಕಥೆ ಅಲ್ಲಿಂದ ಶುರುವಾಗುತ್ತದೆ. ಗೆದ್ದ ಭೂಮಿಯನ್ನು ಸೈನಿಕರಿಗೆ ಹಂಚದೆ, ಮೊದಲಿನ ರೈತರ ಕೈಯಲ್ಲೇ ಬಿಟ್ಟು ಅವರಿಂದ ಕಂದಾಯ ತೆಗೆದುಕೊಂಡರು. ಸೈನಿಕರನ್ನು ಬಸ್ರಾ, ಕೂಫಾ, ಫುಸ್ತಾತ್‌ನಂತಹ ಶಿಬಿರಪಟ್ಟಣಗಳಲ್ಲಿ ಇರಿಸಿ, ಬಂದ ಕಂದಾಯದಿಂದ ವರ್ಷಾಶನ ಕೊಟ್ಟರು. ಯಾರಿಗೆ ಎಷ್ಟು ಎಂಬ ದಾಖಲೆ ಪುಸ್ತಕಕ್ಕೆ ದೀವಾನ್ ಎಂದು ಹೆಸರು. ನಮ್ಮವರು ಎಡವುವುದು ಇಲ್ಲಿಯೇ. ಮೈಸೂರಿನ ದಿವಾನರನ್ನು ಕೇಳಿ ಗೊತ್ತಿರುವುದರಿಂದ ದೀವಾನ್ ಎಂದರೆ ಮಂತ್ರಿ ಎಂದು ಬರೆದುಬಿಡುತ್ತಾರೆ. ಉಮರ್ ಕಾಲದ ಪ್ರಶ್ನೆಯಲ್ಲಿ ಅದು ಸಂಬಳದ ದಾಖಲೆ, ನಂತರದ ಕಾಲದಲ್ಲಿ ಸರ್ಕಾರಿ ಇಲಾಖೆ. ವ್ಯಕ್ತಿಯಲ್ಲ.

ಐದನೆಯ ದಿನ ಮೊದಲ ಅಂತರ್ಯುದ್ಧ. ಘಟನೆಗಳ ಕ್ರಮ ತಪ್ಪಬಾರದು: ಉಸ್ಮಾನರ ಕೊಲೆ (656), ಬಸ್ರಾ ಬಳಿ ಒಂಟೆಯ ಕದನ (656), ಸಿಫ್ಫೀನ್ (657), ಮಧ್ಯಸ್ಥಿಕೆ, ಅದನ್ನು ಒಪ್ಪದೆ ಅಲಿಯ ಪಾಳಯದಿಂದ ಖವಾರಿಜರು ಹೊರಹೋದದ್ದು, 661ರಲ್ಲಿ ಖವಾರಿಜನೊಬ್ಬನಿಂದ ಅಲಿಯ ಹತ್ಯೆ. ಒಂಟೆಯ ಕದನದಲ್ಲಿ ಅಲಿಯ ಎದುರಾಳಿ ಮುಆವಿಯಾ ಎಂದು ಬರೆಯುವುದು ಬಹಳ ಸಾಮಾನ್ಯವಾದ ತಪ್ಪು. ಅಲ್ಲಿ ಎದುರಿಗಿದ್ದವರು ಆಯಿಶಾ, ತಲ್ಹಾ ಮತ್ತು ಝುಬೈರ್. ಮುಆವಿಯಾ ಬರುವುದು ಸಿಫ್ಫೀನ್‌ನಲ್ಲಿ.

ಸುನ್ನಿ, ಶಿಯಾ ಭಿನ್ನಾಭಿಪ್ರಾಯದ ಪ್ರಶ್ನೆ ಬಂದರೆ ಯಾರು ಸರಿ ಎಂದು ತೀರ್ಪು ಕೊಡಲು ಹೋಗಬೇಡಿ. ಶಿಯಾಗಳ ಪ್ರಕಾರ ನಾಯಕತ್ವ ಅಲಿಗೂ ಅವರ ಸಂತತಿಗೂ ಸೇರಿದ್ದು, ಸುನ್ನಿಗಳು ಮೊದಲ ನಾಲ್ವರನ್ನೂ ನ್ಯಾಯಬದ್ಧ ಖಲೀಫರೆಂದು ಒಪ್ಪುತ್ತಾರೆ ಎಂದು ಎರಡೂ ಕಡೆಯದನ್ನು ಬರೆದರೆ ಸಾಕು. ಅಂಕ ಇರುವುದು ಅದಕ್ಕೇ.

ಹಂತ 2. ಎರಡನೆಯ ವಾರ: ಉಮಯ್ಯದರು, ಅಬ್ಬಾಸಿದ್ ಕ್ರಾಂತಿ

ಉಮಯ್ಯದರಲ್ಲಿ (661–750) ಒಟ್ಟು ಹದಿನಾಲ್ಕು ಖಲೀಫರಿದ್ದಾರೆ. ಐವರನ್ನು ಗಟ್ಟಿ ಮಾಡಿ. ರಾಜಧಾನಿಯನ್ನು ದಮಾಸ್ಕಸ್‌ನಲ್ಲಿ ನೆಲೆಗೊಳಿಸಿ, ಮಗನನ್ನೇ ಉತ್ತರಾಧಿಕಾರಿ ಮಾಡಿದ ಮುಆವಿಯಾ. ಯಾರ ಕಾಲದಲ್ಲಿ 680ರ ಕರ್ಬಲಾ ನಡೆಯಿತೋ ಆ ಮೊದಲನೆಯ ಯಝೀದ್. ಆಡಳಿತವನ್ನು ಅರಬ್ಬೀಕರಣಗೊಳಿಸಿದ ಅಬ್ದುಲ್ ಮಲಿಕ್ (685–705). ಸಿಂಧ್ ಮತ್ತು ಸ್ಪೇನ್ ಎರಡೂ ಕಡೆಗೆ ಸೈನ್ಯ ಹೋದ ಕಾಲದ ಮೊದಲನೆಯ ವಲೀದ್ (705–715). ತೆರಿಗೆ ಅನ್ಯಾಯ ಸರಿಪಡಿಸಲು ಯತ್ನಿಸಿದ ಎರಡನೆಯ ಉಮರ್ (717–720). ಈ ಉಮರನನ್ನು 634ರ ಉಮರ್ ಜೊತೆ ಬೆರೆಸುವವರು ಬಹಳ. ಕಾರ್ಡಿನಲ್ಲಿ ಯಾವಾಗಲೂ ಇಸವಿ ಸಮೇತ ಬರೆಯಿರಿ.

ಅಬ್ದುಲ್ ಮಲಿಕನ ನಾಣ್ಯದ ಮೇಲೆ ಒಂದು ದಿನ ಕಳೆದರೂ ನಷ್ಟವಿಲ್ಲ. ಅದುವರೆಗೆ ಚಲಾವಣೆಯಲ್ಲಿದ್ದದ್ದು ಬೈಜಾಂಟೈನ್ ಮತ್ತು ಸಸಾನಿದ್ ಮಾದರಿಯ ನಾಣ್ಯಗಳು, ಅವುಗಳ ಮೇಲೆ ದೊರೆಯ ಚಿತ್ರ, ಶಿಲುಬೆ ಅಥವಾ ಅಗ್ನಿವೇದಿಕೆ. ಹಿಜರಿ 77ರಿಂದ (ಕ್ರಿ.ಶ. 696–97) ಹೊಸ ಚಿನ್ನದ ದೀನಾರ್ ಬಂತು. ಸುಮಾರು 4.25 ಗ್ರಾಂ ತೂಕ, ಚಿತ್ರವೇ ಇಲ್ಲ, ಎರಡೂ ಬದಿಗೆ ಅರಬ್ಬೀ ಬರಹ. ಒಂದೇ ನಾಣ್ಯದಲ್ಲಿ ಹಕ್ಕು, ಹಣ ಎರಡೂ ಸೇರಿಕೊಂಡಿವೆ. ಮೂಲಾಧಾರ ಕೊಟ್ಟು ಪ್ರಶ್ನೆ ಕೇಳುವ ಬೋರ್ಡುಗಳಿಗೆ ಇಂತಹ ನಾಣ್ಯದ ಚಿತ್ರ ಹೇಳಿಮಾಡಿಸಿದ್ದು. ಚಿತ್ರ ಬಂದರೆ ಮೊದಲು ಕಣ್ಣಿಗೆ ಕಾಣುವುದನ್ನು ಬರೆಯಿರಿ (ದೊರೆಯ ಚಿತ್ರವಿಲ್ಲ, ಬರಹ ಮಾತ್ರ), ಆಮೇಲೆ ಅದರಿಂದ ಏನು ತಿಳಿಯುತ್ತದೆ ಎಂಬುದನ್ನು.

ವಾರದ ಕೊನೆಯ ಎರಡು ದಿನ ಪೂರ್ತಿ 750ರ ಕ್ರಾಂತಿಗೆ. "ಉಮಯ್ಯದರ ಪತನಕ್ಕೆ ಕಾರಣಗಳೇನು?" ಎಂಬುದನ್ನು 8 ಅಂಕದ ಪ್ರಶ್ನೆ ಎಂದಿಟ್ಟುಕೊಂಡು ಬಿಡಿಸಿ ನೋಡೋಣ.

ಹೆಚ್ಚಿನವರು ಬರೆಯುವ ಉತ್ತರ ಹೀಗಿರುತ್ತದೆ: ಉಮಯ್ಯದರು ಭೋಗಜೀವನದಲ್ಲಿ ಮುಳುಗಿದರು, ಆಡಳಿತ ದುರ್ಬಲವಾಯಿತು, ಪರ್ಷಿಯನ್ನರು ಬಂಡೆದ್ದರು, ಅಬ್ಬಾಸಿದರು ಗೆದ್ದರು. ಇದರಲ್ಲಿ ಒಂದು ಸ್ಥಳ, ಒಂದು ಹೆಸರು, ಒಂದು ಕಾರಣದ ವಿವರಣೆಯೂ ಇಲ್ಲ. ಯಾವ ದೇಶದ ಯಾವ ರಾಜವಂಶಕ್ಕಾದರೂ ಅಂಟಿಸಬಹುದು. ಮೌಲ್ಯಮಾಪಕರು ಕೊಟ್ಟರೆ ಎರಡು, ಮೂರು ಅಂಕ.

ಈಗ ನಮ್ಮ ಎರಡು ಪ್ರಶ್ನೆ ಇಟ್ಟು ಬರೆಯಿರಿ. ಮೊದಲು ಹಣ. ಅರಬ್ಬರಲ್ಲದ ಮತಾಂತರಿತರಿಗೆ ಮವಾಲಿಗಳು ಎಂದು ಹೆಸರು. ಮುಸ್ಲಿಮರಾದ ಮೇಲೆ ಮುಸ್ಲಿಮೇತರರ ತಲೆಗಂದಾಯವಾದ ಜಿಝಿಯಾ ತಪ್ಪಬೇಕಿತ್ತು. ಆದರೆ ಮತಾಂತರ ಹೆಚ್ಚಿದಷ್ಟೂ ಖಜಾನೆ ಬರಿದಾಗುತ್ತದೆ. ಹಾಗಾಗಿ ಹಲವು ಕಡೆ ಅವರಿಂದ ಹಳೆಯ ತೆರಿಗೆ ವಸೂಲಿ ಮುಂದುವರಿಯಿತು, ಇರಾಕಿನ ಗವರ್ನರ್ ಹಜ್ಜಾಜ್ ಪಟ್ಟಣಕ್ಕೆ ಬಂದ ರೈತರನ್ನು ಮರಳಿ ಹಳ್ಳಿಗೆ ಅಟ್ಟಿದ. ಎರಡನೆಯ ಉಮರ್ ಇದನ್ನು ಬದಲಿಸಲು ಹೊರಟ, ಆಳಿದ್ದು ಮೂರೇ ವರ್ಷ. ಆಮೇಲೆ ಹಕ್ಕು. ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಹುಸೈನ್ ಹತರಾದ ನಂತರ ಉಮಯ್ಯದರ ಆಳ್ವಿಕೆ ಬಹಳ ಜನರ ಕಣ್ಣಲ್ಲಿ ನ್ಯಾಯಬದ್ಧವಾಗಿ ಉಳಿಯಲಿಲ್ಲ. ಅಬ್ಬಾಸಿದ್ ಪ್ರಚಾರಕರು ಇದನ್ನು ಜಾಣತನದಿಂದ ಬಳಸಿಕೊಂಡರು. ತಮ್ಮ ಅಭ್ಯರ್ಥಿಯ ಹೆಸರು ಹೇಳದೆ, ಮುಹಮ್ಮದರ ಕುಟುಂಬದ ಸರ್ವಸಮ್ಮತ ವ್ಯಕ್ತಿಗಾಗಿ ಎಂದಷ್ಟೇ ಕೂಗಿದರು. ಅಲಿಯ ಬೆಂಬಲಿಗರು ಅದು ಅಲಿಯ ಮನೆತನದವರೇ ಎಂದು ನಂಬಿದರು. (ವಂಶವೃಕ್ಷ ತೆಗೆದು ನೋಡಿ, ಅಬ್ಬಾಸ್ ಮತ್ತು ಅಬೂ ತಾಲಿಬ್ ಒಂದೇ ಸಾಲಿನಲ್ಲಿದ್ದಾರೆ.) ಇದರ ಮೇಲೆ ಅರಬ್ ಬುಡಕಟ್ಟುಗಳ ಒಳಜಗಳದಿಂದ ಉಮಯ್ಯದರ ಸೈನ್ಯ ಒಡೆದಿತ್ತು.

ಕೊನೆಗೆ ಘಟನೆ. 747ರಲ್ಲಿ ಖುರಾಸಾನಿನ ಮರ್ವ್ ಬಳಿ ಅಬೂ ಮುಸ್ಲಿಂ ಕಪ್ಪು ಬಾವುಟ ಎತ್ತಿದ, 749ರಲ್ಲಿ ಕೂಫಾದಲ್ಲಿ ಅಬುಲ್ ಅಬ್ಬಾಸ್ ಖಲೀಫನೆಂದು ಘೋಷಣೆಯಾಯಿತು, 750ರ ಝಾಬ್ ನದಿ ಕದನದಲ್ಲಿ ಕೊನೆಯ ಉಮಯ್ಯದ್ ಖಲೀಫ ಎರಡನೆಯ ಮರ್ವಾನ್ ಸೋತ. ಪರ್ಷಿಯನ್ನರು ಅರಬ್ಬರ ವಿರುದ್ಧ ಎಂದು ಮಾತ್ರ ಬರೆಯಬೇಡಿ. ಖುರಾಸಾನಿನಲ್ಲಿ ನೆಲೆಸಿದ್ದ ಅರಬ್ಬರೂ ಬಂಡಾಯದಲ್ಲಿ ಇದ್ದರು, ಆ ಒಂದು ವಾಕ್ಯ ಉತ್ತರವನ್ನು ಮೇಲಕ್ಕೆತ್ತುತ್ತದೆ.

ಇಡೀ ಉತ್ತರ ಒಂದೂವರೆ ಪುಟ ಮೀರದಿರಲಿ. ಮೊದಲ ದಿನ ಪುಸ್ತಕ ನೋಡಿಕೊಂಡು ಬರೆಯಿರಿ, ಮರುದಿನ ನೋಡದೆ 15 ನಿಮಿಷದಲ್ಲಿ. ಎರಡನ್ನೂ ಪಕ್ಕದಲ್ಲಿಟ್ಟು ಬಿಟ್ಟುಹೋದ ಹೆಸರುಗಳಿಗೆ ಕೆಂಪು ಗೆರೆ ಹಾಕಿ. ಬೇರೆ ದೊಡ್ಡ ಪ್ರಶ್ನೆಗಳಿಗೂ ಇದೇ ರೀತಿ.

ಹಂತ 3. ಮೂರನೆಯ ವಾರ: ಬಾಗ್ದಾದ್ ಏರಿದ್ದು, ಇಳಿದದ್ದು

ಅಬ್ಬಾಸಿದರ ಪಟ್ಟಿ ಉಮಯ್ಯದರದಕ್ಕಿಂತ ಉದ್ದ, 1258ರವರೆಗೆ 37 ಖಲೀಫರು. ಹೆದರಬೇಡಿ. ಮನ್ಸೂರ್ (754–775) 762ರಲ್ಲಿ ಟೈಗ್ರಿಸ್‌ನ ಪಶ್ಚಿಮ ದಡದಲ್ಲಿ ಬಾಗ್ದಾದಿಗೆ ಅಡಿಗಲ್ಲು ಹಾಕಿದ. ಹಾರೂನ್ ಅಲ್ ರಶೀದ್ (786–809) ವೈಭವದ ಕಾಲ. ಮಕ್ಕಳಾದ ಅಮೀನ್ ಮತ್ತು ಮಾಮೂನ್ ಕಾದಾಡಿದರು, 813ರಲ್ಲಿ ಮಾಮೂನ್ ಗೆದ್ದ. ಅವನ ತಮ್ಮ ಮುಅತಸಿಂ (833–842) ತುರ್ಕಿ ಗುಲಾಮ ಸೈನಿಕರನ್ನು ಕಟ್ಟಿಕೊಂಡು 836ರಲ್ಲಿ ರಾಜಧಾನಿಯನ್ನು ಸಮರ್ರಾಕ್ಕೆ ಒಯ್ದ. ಮುತವಕ್ಕಿಲ್ 861ರಲ್ಲಿ ಅದೇ ತುರ್ಕಿ ಕಾವಲುಗಾರರ ಕೈಯಲ್ಲಿ ಸತ್ತ. ಆ ಮೇಲೆ ನೇರವಾಗಿ 945, 1055, 1258ಕ್ಕೆ ಬನ್ನಿ.

ಪತನದ ಪ್ರಶ್ನೆ ಬಹುತೇಕ ಬಂದೇ ಬರುತ್ತದೆ. ಎಲ್ಲವನ್ನೂ ಮಂಗೋಲರ ತಲೆಗೆ ಕಟ್ಟುವುದು ದೊಡ್ಡ ತಪ್ಪು. ಹುಲಾಗು 1258ರಲ್ಲಿ ಬಂದಾಗ ಖಲೀಫನ ಕೈಯಲ್ಲಿ ಉಳಿದಿದ್ದದ್ದು ಇರಾಕಿನ ಒಂದು ಭಾಗ ಮಾತ್ರ. ಅಧಿಕಾರ ಹಂತ ಹಂತವಾಗಿ ಜಾರಿದ್ದನ್ನು ನಾಲ್ಕು ಇಸವಿಗಳಲ್ಲಿ ಹೇಳಿ. 861ರ ಹತ್ಯೆಯ ನಂತರ ಒಂಬತ್ತು ವರ್ಷದಲ್ಲಿ ನಾಲ್ವರು ಖಲೀಫರು ಬಂದುಹೋದರು, ಗಾದಿಯ ಕೀಲಿ ಸೈನಿಕರ ಕೈಗೆ ಹೋಯಿತು. 945ರಲ್ಲಿ ಬುವಯ್ಹಿದರು ಬಾಗ್ದಾದಿಗೆ ಬಂದರು. ಅವರು ಶಿಯಾಗಳು, ಆದರೂ ಸುನ್ನಿ ಖಲೀಫನನ್ನು ಹೆಸರಿಗೆ ಉಳಿಸಿಕೊಂಡರು. 1055ರಲ್ಲಿ ಸೆಲ್ಜುಕ್ ತುರ್ಕರ ತುಘ್ರಿಲ್ ಬೇಗ್ ಅವರನ್ನು ಓಡಿಸಿ ಸುಲ್ತಾನನಾದ. ಅಂದರೆ ಆಳುವ ಹಕ್ಕಿನ ಮುದ್ರೆ ಖಲೀಫನ ಬಳಿ, ಕತ್ತಿ ಸುಲ್ತಾನನ ಬಳಿ. 1258 ಕೊನೆಯ ಅಧ್ಯಾಯ ಅಷ್ಟೇ.

ಹಣದ ಎಳೆಯನ್ನೂ ಬಿಡಬೇಡಿ. ದಕ್ಷಿಣ ಇರಾಕಿನಲ್ಲಿ 869ರಿಂದ 883ರವರೆಗೆ ಝಂಜ್ ಗುಲಾಮರ ದಂಗೆ ನಡೆದು ಸಂಪದ್ಭರಿತ ಪ್ರದೇಶ ಹಾಳಾಯಿತು. ದೂರದ ಪ್ರಾಂತಗಳು ಕಂದಾಯ ಕಳುಹಿಸುವುದನ್ನು ನಿಲ್ಲಿಸಿದವು. ನಗದು ಸಂಬಳ ಕೊಡಲಾಗದೆ ಇಕ್ತಾ ಪದ್ಧತಿ ಹರಡಿತು. ಇಕ್ತಾ ಎಂದರೆ ಒಂದು ಪ್ರದೇಶದ ಕಂದಾಯ ವಸೂಲಿಯ ಹಕ್ಕನ್ನು ಸೇನಾಧಿಕಾರಿಗೆ ಸಂಬಳಕ್ಕೆ ಬದಲಾಗಿ ಕೊಡುವುದು. ಭೂಮಿಯ ಒಡೆತನವಲ್ಲ, ಕಂದಾಯದ ಹಕ್ಕು. ದೆಹಲಿ ಸುಲ್ತಾನರ ಪಾಠದಲ್ಲಿ ಬರುವ ಇಕ್ತಾದ ಬೇರು ಇದೇ, ಹಾಗಾಗಿ ಎರಡು ಕಡೆ ಉಪಯೋಗಕ್ಕೆ ಬರುತ್ತದೆ.

ಅದೇ ವಾರದಲ್ಲಿ ಒಂದು ದಿನ ಪ್ರತಿಸ್ಪರ್ಧಿಗಳಿಗೆ. 10ನೇ ಶತಮಾನದಲ್ಲಿ ಒಂದೇ ಕಾಲಕ್ಕೆ ಮೂವರು ಖಲೀಫರಿದ್ದರು. ಬಾಗ್ದಾದಿನಲ್ಲಿ ಅಬ್ಬಾಸಿದ್, ಉತ್ತರ ಆಫ್ರಿಕಾದಲ್ಲಿ 909ರಿಂದ ಶಿಯಾ ಫಾತಿಮಿದ್ (969ರಲ್ಲಿ ಈಜಿಪ್ಟ್ ಗೆದ್ದು ಕೈರೋ ಕಟ್ಟಿದವರು), ಸ್ಪೇನಿನ ಕಾರ್ಡೋಬಾದಲ್ಲಿ 929ರಿಂದ ಉಮಯ್ಯದ್. ಉಮಯ್ಯದರು 750ರಲ್ಲಿ ಮುಗಿದರಲ್ಲ ಎಂದು ಗಲಿಬಿಲಿಯಾಗುವವರಿಗೆ ಇಷ್ಟು ತಿಳಿದಿರಲಿ: ಹತ್ಯಾಕಾಂಡದಿಂದ ಪಾರಾದ ಅಬ್ದುರ್ರಹ್ಮಾನ್ 756ರಲ್ಲಿ ಅಲ್ಲಿ ಆಳ್ವಿಕೆ ಶುರು ಮಾಡಿದ, ಖಲೀಫ ಎಂಬ ಬಿರುದು ಧರಿಸಿದ್ದು 929ರಲ್ಲಿ ಅವನ ವಂಶದ ಮೂರನೆಯ ಅಬ್ದುರ್ರಹ್ಮಾನ್.

ಶಿಲುಬೆ ಯುದ್ಧಗಳು ನಿಮ್ಮ ಪಠ್ಯದಲ್ಲಿದ್ದರೆ ಐದು ಇಸವಿ ಸಾಕು: 1095ರ ಕ್ಲೆರ್ಮಾಂಟ್ ಕರೆ, 1099ರಲ್ಲಿ ಜೆರುಸಲೇಂ ಪತನ, 1144ರಲ್ಲಿ ಝಂಗೀ ಎಡೆಸ್ಸಾ ಮರಳಿ ಪಡೆದದ್ದು, 1187ರಲ್ಲಿ ಹತ್ತೀನ್‌ನಲ್ಲಿ ಸಲಾಹುದ್ದೀನನ ಗೆಲುವು, 1291ರಲ್ಲಿ ಏಕರ್ ಪತನ.

ವಿಜ್ಞಾನ, ಸಂಸ್ಕೃತಿಯ ಭಾಗಕ್ಕೆ ಒಂದೇ ದಿನ, ಆದರೆ ಪಟ್ಟಿ ಬಾಯಿಪಾಠ ಮಾಡಬೇಡಿ. ಮೂವರನ್ನು ಆರಿಸಿ, ಪ್ರತಿಯೊಬ್ಬರ ಬಗ್ಗೆ ಏನು ಮಾಡಿದರು ಎಂಬುದನ್ನು ಎರಡು ವಾಕ್ಯದಲ್ಲಿ ಬರೆಯುವಷ್ಟು ತಿಳಿದುಕೊಳ್ಳಿ. ಬೀಜಗಣಿತಕ್ಕೆ ಖ್ವಾರಿಝ್ಮಿ. ಕಣ್ಣಿನಿಂದ ಕಿರಣ ಹೊರಡುವುದಿಲ್ಲ, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆ ಎಂದು ವಾದಿಸಿದ ಇಬ್ನ್ ಅಲ್ ಹೈಥಂ. ಗ್ರೀಕ್ ವೈದ್ಯಗ್ರಂಥಗಳನ್ನು ಅನುವಾದಿಸಿದ ಹುನೈನ್ ಇಬ್ನ್ ಇಸ್ಹಾಕ್. ಹುನೈನ್ ಕ್ರೈಸ್ತರಾಗಿದ್ದರು ಎಂಬುದನ್ನು ಸೇರಿಸಿದರೆ ಬಾಗ್ದಾದಿನ ವಿದ್ವತ್ಸಮಾಜ ಎಂತಹದ್ದು ಎಂಬುದು ಬೇರೆ ವಿವರಣೆಯಿಲ್ಲದೆ ತಿಳಿಯುತ್ತದೆ. ಬೈತುಲ್ ಹಿಕ್ಮಾ ಎಂಬ ವಿದ್ಯಾಲಯವನ್ನು ಮಾಮೂನ್ ಸ್ಥಾಪಿಸಿದ ಎಂದು ಖಚಿತವಾಗಿ ಬರೆಯುವುದಕ್ಕಿಂತ ಅವನ ಕಾಲದಲ್ಲಿ ಅದು ಬೆಳಗಿತು ಎಂದು ಬರೆಯುವುದು ಕ್ಷೇಮ.

ಹಂತ 4. ನಾಲ್ಕನೆಯ ವಾರ: ನಕ್ಷೆ, ಹಿಜರಿ ಲೆಕ್ಕ, ಪೂರ್ಣ ಪರೀಕ್ಷೆ

ಹೊಸದಾಗಿ ಏನನ್ನೂ ಓದಬೇಡಿ.

ಮೊದಲ ಎರಡು ದಿನ ನಕ್ಷೆಗೆ. ಖಾಲಿ ನಕ್ಷೆಯಲ್ಲಿ ಮೊದಲು ಎರಡು ನದಿ ಎಳೆಯಿರಿ, ಪೂರ್ವಕ್ಕೆ ಟೈಗ್ರಿಸ್, ಪಶ್ಚಿಮಕ್ಕೆ ಯೂಫ್ರಟಿಸ್. ನದಿ ಸರಿಯಾದರೆ ಇರಾಕಿನ ಊರುಗಳೆಲ್ಲ ಸರಿಯಾಗುತ್ತವೆ. ಬಾಗ್ದಾದ್ ಟೈಗ್ರಿಸ್ ಮೇಲೆ, ಎರಡು ನದಿ ಹತ್ತಿರ ಬರುವ ಕಡೆ. ಸಮರ್ರಾ ಅದೇ ನದಿಯಲ್ಲಿ ಉತ್ತರಕ್ಕೆ. ಕೂಫಾ, ಕರ್ಬಲಾ ಯೂಫ್ರಟಿಸ್ ಕಡೆ, ಬಸ್ರಾ ಕೆಳಗೆ ದಕ್ಷಿಣದಲ್ಲಿ. ದಮಾಸ್ಕಸ್ಸನ್ನು ಯೂಫ್ರಟಿಸ್ ದಡದಲ್ಲಿ ಗುರುತಿಸುವುದು ಪದೇ ಪದೇ ಆಗುವ ತಪ್ಪು. ಅದು ಸಿರಿಯಾದ ನೈರುತ್ಯ ಮೂಲೆಯಲ್ಲಿದೆ, ಮೆಡಿಟರೇನಿಯನ್ ಕರಾವಳಿಗೆ ಹತ್ತಿರ. ಮರ್ವ್ ಇಂದಿನ ತುರ್ಕ್‌ಮೆನಿಸ್ತಾನದಲ್ಲಿ, ನಕ್ಷೆಯ ಬಲ ಮೇಲ್ತುದಿಗೆ. ಹತ್ತು ಊರುಗಳನ್ನು ನಾಲ್ಕು ನಿಮಿಷದಲ್ಲಿ ಗುರುತಿಸಲು ಬರುವವರೆಗೆ ಜೆರಾಕ್ಸ್ ಪ್ರತಿಗಳನ್ನು ಬಳಸಿ.

ಮೂರನೆಯ ದಿನ ಹಿಜರಿ ಶಕೆ. ಪ್ರಶ್ನೆಯಲ್ಲೋ ಮೂಲಾಧಾರದಲ್ಲೋ ಹಿಜರಿ ವರ್ಷ ಕೊಟ್ಟರೆ ಅದಕ್ಕೆ 622 ಕೂಡಿಸಿ ಬರೆದುಬಿಡುತ್ತಾರೆ. ಹಿಜರಿ ವರ್ಷ ಚಾಂದ್ರಮಾನದ್ದು, ಸುಮಾರು 354 ದಿನ. ನಮ್ಮ ಪಂಚಾಂಗದಲ್ಲಿರುವ ಅಧಿಕಮಾಸ ಅದಕ್ಕಿಲ್ಲ, ಹಾಗಾಗಿ ಸೌರವರ್ಷಕ್ಕಿಂತ ಪ್ರತಿವರ್ಷ ಸುಮಾರು 11 ದಿನ ಮುಂದೆ ಓಡುತ್ತದೆ. ಸರಿಯಾದ ಅಂದಾಜಿಗೆ ಹಿಜರಿ ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಬೇಕು.

ಹಿಜರಿ 132 ತೆಗೆದುಕೊಳ್ಳಿ. 132 × 0.97 = 128, ಅದಕ್ಕೆ 622 ಕೂಡಿಸಿದರೆ 750. ಝಾಬ್ ಕದನದ ವರ್ಷ. ಬರೀ ಕೂಡಿಸಿದ್ದರೆ 754 ಬರುತ್ತಿತ್ತು, ಮನ್ಸೂರ್ ಪಟ್ಟಕ್ಕೇರಿದ ವರ್ಷ! ಹಿಜರಿ 656ಕ್ಕೆ ಮಾಡಿದರೆ 1258. ಬರೀ ಕೂಡಿಸಿದವರು 1278 ಬರೆದು ಇಪ್ಪತ್ತು ವರ್ಷ ತಪ್ಪಿರುತ್ತಾರೆ. ಈ ಸೂತ್ರದಲ್ಲೂ ಒಂದು ವರ್ಷದ ವ್ಯತ್ಯಾಸ ಬರಬಹುದು. ಕರ್ಬಲಾದ ಹಿಜರಿ 61ಕ್ಕೆ 681 ಬರುತ್ತದೆ, ನಿಜವಾದದ್ದು 680ರ ಅಕ್ಟೋಬರ್. ಆದ್ದರಿಂದ ಮುಖ್ಯ ಇಸವಿಗಳನ್ನು ನೆನಪಿನಿಂದಲೇ ಬರೆಯಿರಿ, ಲೆಕ್ಕವನ್ನು ಗೊತ್ತಿಲ್ಲದ ವರ್ಷಕ್ಕೆ ಮಾತ್ರ ಬಳಸಿ.

ನಾಲ್ಕು ಮತ್ತು ಐದನೆಯ ದಿನ ಹಳೆಯ ಪ್ರಶ್ನೆಪತ್ರಿಕೆ, ಒಂದು ದಿನಕ್ಕೆ ಒಂದು. ಈ ಎರಡು ದಿನ ಮಾತ್ರ 75 ನಿಮಿಷದ ಮಿತಿಯಿಲ್ಲ, ಪರೀಕ್ಷೆಯಷ್ಟೇ ಸಮಯ, ಫೋನ್ ಬೇರೆ ಕೋಣೆಯಲ್ಲಿ. ಸಮಯವನ್ನು ಅಂಕಕ್ಕೆ ಭಾಗಿಸಿಕೊಳ್ಳಿ. ಎರಡೂವರೆ ಗಂಟೆಯಲ್ಲಿ 80 ಅಂಕ ಎಂದರೆ, ಓದಿ ಸರಿನೋಡಲು 20 ನಿಮಿಷ ತೆಗೆದಿಟ್ಟರೆ, ಒಂದು ಅಂಕಕ್ಕೆ ಒಂದೂವರೆ ನಿಮಿಷ ಚಿಲ್ಲರೆ. 8 ಅಂಕದ ಪ್ರಶ್ನೆಗೆ 13 ನಿಮಿಷ. ಪ್ರವಾದಿಯವರ ಜೀವನದ ಪ್ರಶ್ನೆ ಎಲ್ಲರಿಗೂ ಚೆನ್ನಾಗಿ ಗೊತ್ತಿರುವುದರಿಂದ ಅದಕ್ಕೇ ಅರ್ಧ ಗಂಟೆ ಸುರಿದು, ಸೆಲ್ಜುಕರ ಪ್ರಶ್ನೆಗೆ ನಾಲ್ಕು ಸಾಲು ಗೀಚಿ ಹೊರಬರುವವರು ಬಹಳ. ಆ 13 ನಿಮಿಷ ಮುಗಿದ ಕೂಡಲೇ ನಾಲ್ಕು ಸಾಲು ಜಾಗ ಬಿಟ್ಟು ಮುಂದಿನ ಪ್ರಶ್ನೆಗೆ ಹೋಗಿ.

ತಿದ್ದುವಾಗ ಒಟ್ಟು ಅಂಕ ಎಣಿಸುವುದಕ್ಕಿಂತ ತಪ್ಪುಗಳನ್ನು ಮೂರು ಗುಂಪಾಗಿ ವಿಂಗಡಿಸಿ. ಹೆಸರು, ಇಸವಿ ತಪ್ಪಿದ್ದರೆ ಅದು ಕಾರ್ಡಿನ ಕೆಲಸ, ದಿನಕ್ಕೆ ಮೂರು ಬಾರಿ ಆ ಕಾರ್ಡನ್ನೇ ತಿರುಗಿಸಿ. ಘಟನೆಗಳ ಕ್ರಮ ತಪ್ಪಿದ್ದರೆ ಕಾರ್ಡುಗಳನ್ನು ಕಲೆಸಿ ನೆಲದ ಮೇಲೆ ಕಾಲಕ್ರಮದಲ್ಲಿ ಜೋಡಿಸಿ. ಸಂಗತಿಗಳೆಲ್ಲ ಇದ್ದೂ ಅಂಕ ಬಾರದಂತಿದ್ದರೆ, ಕಾರಣ ಕೇಳಿದ್ದಕ್ಕೆ ನೀವು ಕಥೆ ಹೇಳಿದ್ದೀರಿ. ಅಂತಹ ಉತ್ತರವನ್ನು ಹಕ್ಕು, ಹಣ ಎಂಬ ಎರಡು ಪ್ಯಾರಾ ಮಾಡಿ ಮತ್ತೆ ಬರೆಯಿರಿ.

ಆರನೆಯ ದಿನ ಬರೀ ಕಾರ್ಡುಗಳು. ಗೊತ್ತಿರುವುದನ್ನು ಪಕ್ಕಕ್ಕಿಟ್ಟರೆ ಸಾಮಾನ್ಯವಾಗಿ ಹತ್ತು, ಹನ್ನೆರಡು ಉಳಿಯುತ್ತವೆ. ಪರೀಕ್ಷೆಯ ಬೆಳಿಗ್ಗೆ ನೋಡಬೇಕಾದದ್ದು ಅವು ಮಾತ್ರ. ಪ್ರಶ್ನೆಪತ್ರಿಕೆ ಕೈಗೆ ಬಂದು ಬರೆಯಲು ಅನುಮತಿ ಸಿಕ್ಕ ಕೂಡಲೇ ಉತ್ತರಪತ್ರಿಕೆಯ ಕೊನೆಯ ಪುಟದಲ್ಲಿ ಪೆನ್ಸಿಲ್ಲಿನಿಂದ ವಂಶವೃಕ್ಷವನ್ನೂ 661, 750, 861, 945, 1055, 1258 ಎಂಬ ಆರು ಇಸವಿಗಳನ್ನೂ ಬರೆದುಕೊಳ್ಳಿ. ಕಚ್ಚಾ ಕೆಲಸ ಎಂದು ಮೇಲೆ ನಮೂದಿಸಿ, ಉತ್ತರಪತ್ರಿಕೆ ಕೊಡುವ ಮೊದಲು ಅದರ ಮೇಲೆ ಒಂದು ಅಡ್ಡಗೆರೆ ಎಳೆಯಿರಿ.